ವಾಹನದ ನಂಬರ್ ಸಿಗದ ಸಾವು

‘ಯಾವುದೋ ವಾಹನದ ಚಾಲಕನು ತನ್ನ ವಾಹನವನ್ನು ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿ ಹೊಡೆಸಿ, ವಾಹನವನ್ನು ನಿಲ್ಲಿಸದೆ ಹೊರಟು ಹೋಗಿರುತ್ತಾನೆ.’ ಅಪಘಾತದ ಎಫ್‌ಐಆರ್‌ಗಳನ್ನು ಓದುವವರಿಗೆ ಇಂಥ ಸಾಲು ಬಾಯಿಪಾಠವಾಗಿರುತ್ತದೆ. ಠಾಣೆಯ ಬರವಣಿಗೆಯಲ್ಲಿ ಅದು ದಿನನಿತ್ಯದ ವಾಕ್ಯ. ಸತ್ತವನ ಮನೆಯವರ ಮುಂದಿನ ಇಪ್ಪತ್ತು ವರ್ಷದ ಬದುಕು ಮಾತ್ರ ಆ ಸಾಲಿನ ಮೊದಲ ಪದ ‘ಯಾವುದೋ’ ಎಂದೇ ಉಳಿಯುತ್ತದೆಯೋ, ಅಲ್ಲಿ ಒಂದು ನೋಂದಣಿ ಸಂಖ್ಯೆ ಬಂದು ಕೂರುತ್ತದೆಯೋ ಎಂಬುದರ ಮೇಲೆ ನಿಂತಿರುತ್ತದೆ.

ವಿಷಯ ಕೈಗೆ ಸಿಗುವಂತಿರಲಿ ಎಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶಿರಾ ಮತ್ತು ಹಿರಿಯೂರಿನ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ರಾತ್ರಿ ಎಂಟೂವರೆ ಹೊತ್ತಿಗೆ, ಮೂವತ್ನಾಲ್ಕು ವರ್ಷದ ಒಬ್ಬ ಗಾರೆ ಕೆಲಸದವರು ಕೆಲಸ ಮುಗಿಸಿ ಟಿವಿಎಸ್‌ನಲ್ಲಿ ಊರಿಗೆ ಮರಳುತ್ತಿದ್ದಾರೆ. ಹಿಂದಿನಿಂದ ಬಂದ ವಾಹನ ಗುದ್ದಿ ಹೋಗುತ್ತದೆ. ರಸ್ತೆಯ ಮೇಲೆ ಊಟದ ಡಬ್ಬಿ, ಕರಣೆ, ಒಡೆದ ಗಾಜಿನ ಚೂರು, ಎಡ ಅಂಚಿನಲ್ಲಿ ಅಂಗೈ ಅಗಲದ ಕಪ್ಪು ಪ್ಲಾಸ್ಟಿಕ್ ತುಂಡು. ಹಿಂದೆ ಬರುತ್ತಿದ್ದ ಹಾಲಿನ ಗಾಡಿಯವರು ಆಂಬುಲೆನ್ಸ್ ಕರೆಸುತ್ತಾರೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿರುತ್ತದೆ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ದೂರು ಕೊಡಲು ಬಂದವನು ಹೆಂಡತಿಯ ತಮ್ಮ. ಅವನು ಡಿಕ್ಕಿಯನ್ನು ಕಣ್ಣಾರೆ ಕಂಡವನಲ್ಲ.

ಈಗ ಎರಡು ಪ್ರಶ್ನೆಗಳು ಏಳುತ್ತವೆ. ಗುದ್ದಿದವನಿಗೆ ಶಿಕ್ಷೆ ಏನು? ಮನೆಯವರಿಗೆ ಪರಿಹಾರ ಎಷ್ಟು? ಜನ ಇವೆರಡನ್ನೂ ಒಂದೇ ಕೇಸು ಎಂದುಕೊಳ್ಳುತ್ತಾರೆ. ಕಾನೂನಿನಲ್ಲಿ ಇವು ಬೇರೆ ಬೇರೆ ಬಾಗಿಲುಗಳು. ಎರಡರಲ್ಲೂ ಕೇಳುವ ಸಾಕ್ಷ್ಯದ ತೂಕವೂ ಬೇರೆ.

ಶಿಕ್ಷೆಯ ಬಾಗಿಲು

2024ರ ಜುಲೈ 1ಕ್ಕೆ ಮುಂಚೆ ನಡೆದ ಅಪಘಾತವಾದರೆ ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಂ ಅನ್ವಯಿಸುತ್ತದೆ. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದರೆ ಹೆಚ್ಚೆಂದರೆ ಎರಡು ವರ್ಷ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ‘ಇಲ್ಲವೇ ದಂಡ’ ಎಂಬ ಮಾತಿನಿಂದಾಗಿ ಒಂದು ಜೀವ ತೆಗೆದವನೂ ದಂಡ ಕಟ್ಟಿ ಮನೆಗೆ ಹೋಗಲು ಅವಕಾಶವಿತ್ತು. ಆ ದಿನದಿಂದೀಚೆಗೆ ನಡೆದ ಅಪಘಾತಕ್ಕೆ ಭಾರತೀಯ ನ್ಯಾಯ ಸಂಹಿತೆಯ 106(1) ಕಲಂ. ಅದರಲ್ಲಿ ಐದು ವರ್ಷದವರೆಗೆ ಸೆರೆವಾಸ, ಅದರ ಜೊತೆಗೆ ದಂಡ. ಗರಿಷ್ಠ ಶಿಕ್ಷೆ ಏರಿದ್ದರ ಜೊತೆಗೆ ‘ಇಲ್ಲವೇ’ ಎಂಬ ಪದವೂ ಹೋಯಿತು. ಆದರೆ ಇದು ಈಗಲೂ ಜಾಮೀನು ಸಿಗುವ ಅಪರಾಧವೇ. ಅಪಘಾತದ ಮರುದಿನವೇ ಚಾಲಕ ಊರಿನಲ್ಲಿ ಓಡಾಡುತ್ತಿದ್ದರೆ ಪೊಲೀಸರು ಬಿಟ್ಟುಬಿಟ್ಟರು ಎಂದು ಮನೆಯವರು ಕುದಿಯುತ್ತಾರೆ. ಜಾಮೀನು ಸಿಕ್ಕಿತೆಂದರೆ ಕೇಸು ಮುಗಿಯಿತೆಂದು ಅರ್ಥವಲ್ಲ. ವಿಚಾರಣೆ ಮುಂದೆ ನಡೆಯುತ್ತದೆ.

ಇದೇ ಕಲಮಿನ ಎರಡನೇ ಭಾಗ, 106(2), ಹೊಡೆದು ಓಡಿಹೋಗುವವರಿಗಾಗಿಯೇ ಬರೆದದ್ದು. ಅಪಘಾತ ಮಾಡಿ, ಕೂಡಲೇ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಸೆರೆ ಎಂದು ಅದು ಹೇಳುತ್ತದೆ. 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದ್ದು ಇದನ್ನೇ ವಿರೋಧಿಸಿ. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷ ಜೈಲು ಎಂಬುದು ಅವರ ಅಳಲು. ಹೊಸ ಸಂಹಿತೆ ಜಾರಿಗೆ ಬರುವ ದಿನವನ್ನು ಪ್ರಕಟಿಸಿದಾಗ ಕೇಂದ್ರ ಸರ್ಕಾರ ಈ ಒಂದು ಉಪಕಲಮನ್ನು ಬದಿಗಿಟ್ಟಿತು. ಹಾಗಾಗಿ ‘ಓಡಿಹೋದರೆ ಹತ್ತು ವರ್ಷ’ ಎಂಬ ಮಾತು ಎಲ್ಲರ ಬಾಯಲ್ಲಿದ್ದರೂ, ಸಂಹಿತೆಯ ಉಳಿದ ಕಲಮುಗಳ ಜೊತೆ ಅದು ಜಾರಿಗೆ ಬರಲಿಲ್ಲ.

ಹಾಗೆಂದು ಓಡಿಹೋಗುವುದು ತಪ್ಪೇ ಅಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಬಹಳ ಹಿಂದಿನಿಂದಲೂ ಇದೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, ಪೊಲೀಸರಿಗೆ ವಿವರ ಕೊಡಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಗುಂಪು ರೊಚ್ಚಿಗೆದ್ದು ಮೇಲೆ ಬೀಳುವಂತಿದ್ದರೆ ಚಿಕಿತ್ಸೆ ಕೊಡಿಸುವ ಹೊಣೆಯಿಂದ ಕಾಯ್ದೆಯೇ ವಿನಾಯಿತಿ ಕೊಡುತ್ತದೆ. ಠಾಣೆಗೆ ಹೋಗುವುದಕ್ಕೆ ಆ ನೆಪ ಸಾಲದು. ಜನರ ಭಯದಿಂದ ಸ್ಥಳ ಬಿಟ್ಟ ಚಾಲಕ ಎರಡು ಮೈಲಿ ಮುಂದಿನ ಠಾಣೆಯ ಮುಂದೆ ಗಾಡಿ ನಿಲ್ಲಿಸಿದರೆ ಅವನು ಕಾನೂನಿನ ಒಳಗೇ ಇದ್ದಾನೆ. ಈ ಕರ್ತವ್ಯ ಮುರಿದವನಿಗೆ 187ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬರೀ ‘ಸ್ಪೀಡಾಗಿ ಬಂದ’ ಎಂದರೆ ಸಾಲದು

ಶಿಕ್ಷೆಯ ಕೇಸು ಕೋರ್ಟಿನಲ್ಲಿ ಬಿದ್ದುಹೋಗುವುದು ಎಲ್ಲಿ ಎಂಬುದಕ್ಕೆ ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣವಿದೆ. 1982ರಲ್ಲಿ ಹಳ್ಳ ದಾಟುತ್ತಿದ್ದ ಲಾರಿಯೊಂದು ಮಗುಚಿ 15 ಜನ ಸತ್ತರು. ಕೆಳಗಿನ ನ್ಯಾಯಾಲಯ ಚಾಲಕನಿಗೆ ಶಿಕ್ಷೆ ಕೊಟ್ಟಿತು, ಹೈಕೋರ್ಟ್ ಬಿಡುಗಡೆ ಮಾಡಿತು. 1998ರಲ್ಲಿ ಸುಪ್ರೀಂ ಕೋರ್ಟ್, ‘ಕರ್ನಾಟಕ ರಾಜ್ಯ ವಿರುದ್ಧ ಸತೀಶ್’ ಎಂದು ಈಗಲೂ ವಕೀಲರು ಎತ್ತಿ ಹೇಳುವ ತೀರ್ಪಿನಲ್ಲಿ, ಬಿಡುಗಡೆಯನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ‘ಅತಿವೇಗ’ ಎಂದಿದ್ದರೇ ಹೊರತು ಅತಿವೇಗವೆಂದರೆ ಏನು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ವೇಗ ಎಂಬುದು ರಸ್ತೆಗೆ, ಹೊತ್ತಿಗೆ, ಜನಸಂದಣಿಗೆ ತಕ್ಕಂತೆ ಬದಲಾಗುವ ಮಾತು. ಖಾಲಿ ಹೆದ್ದಾರಿಯಲ್ಲಿ ಎಂಬತ್ತು ಸಹಜ, ಶಾಲೆ ಬಿಡುವ ಹೊತ್ತಿನಲ್ಲಿ ಊರ ನಡುವೆ ನಲವತ್ತೂ ದುಡುಕು. ವೇಗ ಹೆಚ್ಚಿತ್ತು ಎಂಬುದೊಂದರಿಂದಲೇ ದುಡುಕು ಅಥವಾ ನಿರ್ಲಕ್ಷ್ಯವನ್ನು ಊಹಿಸಿಕೊಳ್ಳಲಾಗದು ಎಂಬುದು ಆ ತೀರ್ಪಿನ ಸಾರ.

ಕಾನೂನು ಹೇಳುವ ದುಡುಕಿಗೂ ನಿರ್ಲಕ್ಷ್ಯಕ್ಕೂ ವ್ಯತ್ಯಾಸವಿದೆ. ಅಪಾಯ ಕಣ್ಣೆದುರಿದೆ ಎಂದು ಗೊತ್ತಿದ್ದೂ, ಏನೂ ಆಗಲಾರದು ಎಂಬ ಧೈರ್ಯದಲ್ಲಿ ಮುನ್ನುಗ್ಗುವುದು ದುಡುಕು. ತಿರುವಿನಲ್ಲಿ ಎದುರಿನದು ಕಾಣದಿದ್ದರೂ ಓವರ್‌ಟೇಕ್ ಮಾಡುವವನು ಇದಕ್ಕೆ ಉದಾಹರಣೆ. ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳದಿರುವುದು ನಿರ್ಲಕ್ಷ್ಯ. ಕನ್ನಡಿ ನೋಡದೆ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟವನದು ಈ ಬಗೆ. ಇವೆರಡಕ್ಕೂ ಮೇಲೆ ಇನ್ನೊಂದು ಮೆಟ್ಟಿಲಿದೆ. ತಾನು ಮಾಡುತ್ತಿರುವುದರಿಂದ ಯಾರಾದರೂ ಸಾಯಬಹುದೆಂಬ ಅರಿವಿದ್ದೇ ಗಾಡಿ ಓಡಿಸಿದರೆ ಅದು ಕೊಲೆಯಲ್ಲದ ನರಹತ್ಯೆ. ಹಳೆಯ ಸಂಹಿತೆಯಲ್ಲಿ 304ರ ಎರಡನೇ ಭಾಗ, ಹೊಸದರಲ್ಲಿ 105. ಶಿಕ್ಷೆ ಹತ್ತು ವರ್ಷದವರೆಗೆ. 2006ರ ನವೆಂಬರಿನಲ್ಲಿ ಮುಂಬಯಿಯ ಬಾಂದ್ರಾದ ಕಾರ್ಟರ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ಸತ್ತಾಗ, ಕುಡಿದಿದ್ದ ಚಾಲಕ ಅಲಿಸ್ಟರ್ ಪರೇರಾನಿಗೆ ಈ ಭಾಗದಡಿ ವಿಧಿಸಿದ್ದ ಮೂರು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಖಾಯಂ ಮಾಡಿತು. ಸಾವಿನ ಸಂಖ್ಯೆ ಎಷ್ಟು ಎಂಬುದು ಈ ಮೆಟ್ಟಿಲನ್ನು ತೀರ್ಮಾನಿಸುವುದಿಲ್ಲ. ಚಾಲಕನಿಗೆ ಅಪಾಯದ ಅರಿವು ಎಷ್ಟಿತ್ತು ಎಂಬುದು ತೀರ್ಮಾನಿಸುತ್ತದೆ.

ನಮ್ಮ ಉದಾಹರಣೆಗೆ ಮರಳೋಣ. ಶಿಕ್ಷೆಯಾಗಬೇಕಾದರೆ ಮೂರು ಕೊಂಡಿಗಳು ಕೂಡಬೇಕು. ಗುದ್ದಿದ್ದು ಇದೇ ವಾಹನ, ಆ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿದಿದ್ದವನು ಇವನೇ, ಅವನು ಓಡಿಸಿದ ರೀತಿಯಲ್ಲಿ ದುಡುಕು ಇಲ್ಲವೇ ನಿರ್ಲಕ್ಷ್ಯವಿತ್ತು. ಮೂರನ್ನೂ ಅನುಮಾನಕ್ಕೆ ಎಡೆಯಿಲ್ಲದಂತೆ ರುಜುವಾತುಪಡಿಸಬೇಕು. ಎರಡನೇ ಕೊಂಡಿಗೆ ಪೊಲೀಸರ ಕೈಯಲ್ಲಿ ಒಂದು ಸರಳ ಸಾಧನವಿದೆ. ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನಡಿ ಮಾಲೀಕನಿಗೆ ನೋಟಿಸ್ ಕೊಟ್ಟು, ಆ ದಿನ ಆ ಹೊತ್ತಿಗೆ ಗಾಡಿ ಯಾರ ಕೈಯಲ್ಲಿತ್ತು ಎಂದು ಕೇಳಬಹುದು. ಮಾಲೀಕ ಉತ್ತರಿಸಲೇಬೇಕು. ಮೂರನೆಯದು ಮಹಜರಿನಲ್ಲಿದೆ. ರಸ್ತೆಯ ಅಗಲ, ಬ್ರೇಕಿನ ಗುರುತು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಉದ್ದ, ದೇಹ ಬಿದ್ದ ಜಾಗ, ಟಿವಿಎಸ್ ಎಷ್ಟು ದೂರಕ್ಕೆ ಎಸೆಯಲ್ಪಟ್ಟಿತು. ಇವೆಲ್ಲ ನಕ್ಷೆಯಲ್ಲಿ ಅಳತೆ ಸಮೇತ ದಾಖಲಾಗಿದ್ದರೆ, ‘ಸ್ಪೀಡಾಗಿ ಬಂದ’ ಎಂಬ ಸಾಕ್ಷಿಯ ಮಾತಿಗೆ ಕೈಕಾಲು ಬರುತ್ತದೆ.

ವಾಹನ ಸಿಕ್ಕರೆ ಎಷ್ಟು, ಸಿಗದಿದ್ದರೆ ಎಷ್ಟು

ಪರಿಹಾರದ ಬಾಗಿಲಿನಲ್ಲಿ ಲೆಕ್ಕ ಬೇರೆ. ಅಲ್ಲಿ ಮುಖ್ಯ ಪ್ರಶ್ನೆ ಚಾಲಕ ಸಿಕ್ಕನೋ ಎಂಬುದಕ್ಕಿಂತ ವಾಹನ ಸಿಕ್ಕಿತೋ ಎಂಬುದು. ನಂಬರ್ ಗೊತ್ತಾದರೆ ಮಾಲೀಕ ಗೊತ್ತಾಗುತ್ತಾನೆ, ವಿಮೆಯ ಕಂಪನಿ ಗೊತ್ತಾಗುತ್ತದೆ. ಚಾಲಕ ತಲೆಮರೆಸಿಕೊಂಡಿದ್ದರೂ, ಕ್ರಿಮಿನಲ್ ಕೋರ್ಟಿನಲ್ಲಿ ಅವನು ಖುಲಾಸೆಯಾದರೂ, ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ ಪರಿಹಾರ ಕೊಡಿಸಬಹುದು. ಅಲ್ಲಿ ಅನುಮಾನಾತೀತ ಸಾಕ್ಷ್ಯ ಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡುತ್ತಾರೆ. ಅಪಘಾತ ಮಾಡಿ ಚಾಲಕ ಓಡಿಹೋದದ್ದೆಲ್ಲ ಜನರ ಬಾಯಲ್ಲಿ ‘ಹಿಟ್ ಅಂಡ್ ರನ್’. ಪರಿಹಾರದ ಕಾನೂನಿನಲ್ಲಿ ಆ ಹೆಸರು, ಸಾಕಷ್ಟು ಪ್ರಯತ್ನಪಟ್ಟ ಮೇಲೂ ವಾಹನದ ಗುರುತೇ ಸಿಗದ ಅಪಘಾತಕ್ಕೆ ಮಾತ್ರ ಸಲ್ಲುತ್ತದೆ.

ವ್ಯತ್ಯಾಸ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿಯೇ ನೋಡಬೇಕು. ಗಾರೆ ಕೆಲಸದವರಿಗೆ ಸಂಬಳದ ಚೀಟಿ ಇರುವುದಿಲ್ಲ. ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ. ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ವಯಸ್ಸು ನಲವತ್ತಕ್ಕಿಂತ ಕಡಿಮೆ, ಸ್ವಂತ ದುಡಿಮೆ. ಹಾಗಾಗಿ ಮುಂದೆ ಆದಾಯ ಏರುತ್ತಿತ್ತು ಎಂದು ಶೇ 40 ಸೇರಿಸುತ್ತಾರೆ. 21,000 ಆಯಿತು. ಬದುಕಿದ್ದರೆ ಅವರ ಸ್ವಂತ ಖರ್ಚೂ ಇರುತ್ತಿತ್ತಲ್ಲ. ಅವಲಂಬಿತರು ನಾಲ್ಕು ಜನ ಇರುವುದರಿಂದ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 15,750. ವರ್ಷಕ್ಕೆ 1,89,000. ಮೂವತ್ತೊಂದರಿಂದ ಮೂವತ್ತೈದರ ವಯಸ್ಸಿಗೆ ನಿಗದಿಯಾದ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಇದಕ್ಕೆ ಅಂತ್ಯಸಂಸ್ಕಾರದ ಖರ್ಚು, ಹೆಂಡತಿ ಮಕ್ಕಳು ತಾಯಿ ಕಳೆದುಕೊಂಡ ಸಾಂಗತ್ಯ ಮುಂತಾದ ಬಾಬ್ತುಗಳು ಸೇರಿ ಮೊತ್ತ 32 ಲಕ್ಷ ದಾಟುತ್ತದೆ. ಈ ಸೂತ್ರ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಿಂದ ಬಂದದ್ದು. ದೇಶದ ಎಲ್ಲ ನ್ಯಾಯಮಂಡಳಿಗಳೂ ಇದನ್ನೇ ಅನುಸರಿಸುತ್ತವೆ.

ವಾಹನ ಸಿಗದಿದ್ದರೆ? ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ. ತೀವ್ರ ಗಾಯವಾದವರಿಗೆ 50,000. ಗಾರೆಯವರಿಗೂ ಎಂಜಿನಿಯರಿಗೂ ಅದೇ ಮೊತ್ತ. ವಯಸ್ಸು, ಆದಾಯ, ಅವಲಂಬಿತರ ಲೆಕ್ಕ ಇಲ್ಲಿಲ್ಲ. ಇದೂ 2022ರ ಏಪ್ರಿಲ್ 1ರಿಂದ ಏರಿದ ಮೊತ್ತ. ಅದಕ್ಕೆ ಮುಂಚೆ ಒಂದು ಸಾವಿಗೆ 25,000 ಕೊಡುತ್ತಿದ್ದರು.

ಒಂದೇ ಮನೆ, ಒಂದೇ ಸಾವು. ಮೂವತ್ತೆರಡು ಲಕ್ಷಕ್ಕೂ ಎರಡು ಲಕ್ಷಕ್ಕೂ ನಡುವೆ ಇರುವುದು ಆ ಕಪ್ಪು ಪ್ಲಾಸ್ಟಿಕ್ ತುಂಡು ಎಲ್ಲಿಗೆ ಸೇರಿದ್ದು ಎಂಬ ಪ್ರಶ್ನೆ.

ಮೊದಲ ದಿನಗಳ ಕೆಲಸ

ಅದಕ್ಕೇ ಈ ಕೇಸುಗಳಲ್ಲಿ ಮೊದಲ ಕೆಲವು ದಿನಗಳಿಗೆ ಅಷ್ಟು ಬೆಲೆ. ರಸ್ತೆಯ ಮೇಲಿನ ತುಂಡನ್ನು ಬೆಳಗಾಗುವುದರೊಳಗೆ ಗಾಡಿಗಳ ಚಕ್ರ ಪುಡಿ ಮಾಡಬಹುದು, ಇಲ್ಲವೇ ಹೆದ್ದಾರಿ ಗುಡಿಸುವವರು ಬದಿಗೆ ಎಸೆಯಬಹುದು. ಅದು ಬಂಪರಿನದೋ ಮಡ್‌ಗಾರ್ಡಿನದೋ ಆಗಿದ್ದರೆ, ಒಳಮೈಯಲ್ಲಿ ಅಚ್ಚಾದ ಬಿಡಿಭಾಗದ ಸಂಖ್ಯೆಯಿಂದ ಯಾವ ಕಂಪನಿಯ ಯಾವ ಮಾದರಿ ಎಂದು ತಿಳಿಯಬಹುದು. ಟಿವಿಎಸ್‌ನ ಹಿಂಭಾಗಕ್ಕೆ ಮೆತ್ತಿದ ಬಣ್ಣ, ಒಡೆದ ಹೆಡ್‌ಲೈಟಿನ ಗಾಜು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕಾದ ವಸ್ತುಗಳು. ಮುಂದೆ ಒಂದು ವಾಹನ ಸಿಕ್ಕಾಗ ಅದರ ಬಣ್ಣ, ಗಾಜಿನೊಂದಿಗೆ ಇವನ್ನು ಹೋಲಿಸಿ ನೋಡಬಹುದು. ಗಾಡಿಯನ್ನು ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿ ಹೊಸ ಬಣ್ಣ ಹೊಡೆಸಿದ ಮೇಲೆ ಹೋಲಿಸಲು ಏನೂ ಉಳಿದಿರುವುದಿಲ್ಲ.

ಇನ್ನೊಂದು ದಾರಿ ಕ್ಯಾಮೆರಾ. ಎಂಟೂವರೆಗೆ ಅಪಘಾತವಾಗಿದ್ದರೆ, ಮುಂದಿನ ಟೋಲ್‌ಗೇಟ್‌ವರೆಗಿನ ದೂರವನ್ನು ಗಾಡಿಯ ವೇಗದಿಂದ ಭಾಗಿಸಿ, ಯಾವ ಹೊತ್ತಿನಲ್ಲಿ ಅದು ಅಲ್ಲಿ ಹಾದುಹೋಗಿರಬೇಕೆಂದು ಅಂದಾಜಿಸಬಹುದು. ಆ ಅವಧಿಯಲ್ಲಿ ಒಂದು ಹೆಡ್‌ಲೈಟ್ ಆರಿದ, ಮುಂಭಾಗ ಜಜ್ಜಿದ ಗಾಡಿ ದಾಟಿತೇ ನೋಡಬೇಕು. ಟೋಲ್ ದಾಟಿರದಿದ್ದರೆ ನಡುವಿನ ಪೆಟ್ರೋಲ್ ಬಂಕ್, ಡಾಬಾ, ಊರಿನ ಒಳದಾರಿಯ ಅಂಗಡಿಗಳ ಕ್ಯಾಮೆರಾ. ಡಾಬಾದ ಕ್ಯಾಮೆರಾ ಯಾರಿಗಾಗಿಯೂ ಕಾಯುವುದಿಲ್ಲ. ಅದರ ನೆನಪು ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ತಿಥಿ ಮುಗಿಸಿಕೊಂಡು ಠಾಣೆಗೆ ಹೋಗೋಣ ಎಂದು ಕಾದ ಮನೆಯವರಿಗೆ ಇಲ್ಲೇ ದೊಡ್ಡ ನಷ್ಟವಾಗುತ್ತದೆ. ಮನೆಯವರಲ್ಲಿ ಒಬ್ಬರಾದರೂ ಮರುದಿನವೇ ಠಾಣೆಗೆ ಹೋಗಿ, ಇಂತಿಂಥ ಜಾಗದಲ್ಲಿ ಕ್ಯಾಮೆರಾ ಇದೆ, ಅದರ ದೃಶ್ಯ ತೆಗೆದಿರಿಸಿ ಎಂದು ಬರೆದು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆಯಾಗಿ ಕೊಡಬೇಕೆಂಬುದೂ ಕಾನೂನೇ.

ಆಸ್ಪತ್ರೆಯಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ. ಗಾಯಾಳುವನ್ನು ತಂದ ಗಾಬರಿಯಲ್ಲಿ ಯಾರೋ ‘ಗಾಡಿಯಿಂದ ಬಿದ್ದರು’ ಎಂದುಬಿಡುತ್ತಾರೆ. ಅಪಘಾತ ಪ್ರಕರಣಗಳ ರಿಜಿಸ್ಟರಿನಲ್ಲಿ ವೈದ್ಯರು ಅದನ್ನೇ ಬರೆದುಕೊಳ್ಳುತ್ತಾರೆ. ಬೇರೆ ವಾಹನ ಗುದ್ದಿತು ಎಂಬ ಮಾತು ಅಲ್ಲಿ ಇಲ್ಲವಾದರೆ, ವರ್ಷಗಳ ನಂತರ ವಿಮಾ ಕಂಪನಿಯ ವಕೀಲರು ಆ ಒಂದು ಸಾಲನ್ನು ಹಿಡಿದುಕೊಂಡು, ಇದು ಸ್ವತಃ ಸ್ಕಿಡ್ ಆಗಿ ಬಿದ್ದ ಅಪಘಾತ ಎಂದು ವಾದಿಸುತ್ತಾರೆ. ಹಿಟ್ ಅಂಡ್ ರನ್ ಪರಿಹಾರಕ್ಕೂ ಅದೇ ಸಾಲು ಅಡ್ಡ ಬರುತ್ತದೆ. ಸ್ಥಳದಲ್ಲಿದ್ದವರು ಹೇಳಿದ್ದನ್ನು ಹೇಳಿದಂತೆಯೇ, ‘ಅಪರಿಚಿತ ವಾಹನ ಹಿಂದಿನಿಂದ ಡಿಕ್ಕಿ’ ಎಂದು ಬರೆಸುವುದು ಆ ಕ್ಷಣಕ್ಕೆ ಸಣ್ಣ ವಿಷಯ. ಮುಂದೆ ಅದರ ತೂಕ ದೊಡ್ಡದು.

ಹಾಲಿನ ಗಾಡಿಯವರಂಥ ಸಾಕ್ಷಿಗಳು ಹಿಂಜರಿಯುವುದು ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂಬ ಅಂಜಿಕೆಯಿಂದ. ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ವಿಳಾಸ ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ಅವರು ತಾವಾಗಿ ಮುಂದೆ ಬಂದು ‘ಬಿಳಿ ಬಣ್ಣದ ಗೂಡ್ಸ್, ಹಿಂದೆ ನೀಲಿ ಟಾರ್ಪಾಲು’ ಎಂಬಷ್ಟು ಹೇಳಿದರೂ ಹುಡುಕಾಟದ ಬಲೆ ಎಷ್ಟೋ ಚಿಕ್ಕದಾಗುತ್ತದೆ.

ಸಿಗದ ಗಾಡಿಗೆ ಸುಳ್ಳು ಗಾಡಿ

ಮೂವತ್ತೆರಡು ಲಕ್ಷಕ್ಕೂ ಎರಡು ಲಕ್ಷಕ್ಕೂ ಇರುವ ಈ ಅಂತರವೇ ಒಂದು ಕೆಟ್ಟ ವ್ಯಾಪಾರಕ್ಕೆ ದಾರಿ ಮಾಡಿದೆ. ತಿಂಗಳೆರಡು ತಿಂಗಳಾದರೂ ಗಾಡಿ ಸಿಗದಿದ್ದಾಗ ದಲ್ಲಾಳಿಯೊಬ್ಬ ಮನೆಗೆ ಬರುತ್ತಾನೆ. ವಿಮೆ ಇರುವ ಒಂದು ಗಾಡಿ ತೋರಿಸೋಣ, ಚಾಲಕನೊಬ್ಬ ಒಪ್ಪಿಕೊಳ್ಳುತ್ತಾನೆ, ಬಂದ ಹಣದಲ್ಲಿ ಇಂತಿಷ್ಟು ನಮಗೆ ಎನ್ನುತ್ತಾನೆ. ಗಂಡ ಹೋದ ಮನೆಗೆ ಈ ಮಾತು ಆಸರೆಯಂತೆ ಕೇಳಿಸುತ್ತದೆ. ಆದರೆ ನ್ಯಾಯಮಂಡಳಿಗೆ ಇಂಥದ್ದು ಹೊಸತಲ್ಲ. ಮೊದಲ ಎಫ್‌ಐಆರ್‌ನಲ್ಲಿ ‘ಯಾವುದೋ ವಾಹನ’, ಎರಡು ತಿಂಗಳ ನಂತರದ ಹೇಳಿಕೆಯಲ್ಲಿ ಪೂರ್ತಿ ನಂಬರ್. ಆ ನಂಬರ್ ಕೊಟ್ಟ ಸಾಕ್ಷಿ ಅಷ್ಟು ದಿನ ಎಲ್ಲಿದ್ದ ಎಂಬುದಕ್ಕೆ ಉತ್ತರವಿಲ್ಲ. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಗಾಡಿಗೆ ಜಖಂ ಇಲ್ಲ, ಇದ್ದರೂ ಟಿವಿಎಸ್‌ನ ಎತ್ತರಕ್ಕೆ ಹೊಂದುವುದಿಲ್ಲ. ಇಷ್ಟು ಕಂಡರೆ ವಿಮಾ ಕಂಪನಿ ತನಿಖೆ ಕೇಳುತ್ತದೆ. ಅರ್ಜಿ ವಜಾ ಆಗುವುದರ ಜೊತೆಗೆ ಅರ್ಜಿದಾರರ ಮೇಲೆಯೇ ವಂಚನೆಯ ಕೇಸು ಬೀಳಬಹುದು. ಆಗ ನ್ಯಾಯವಾಗಿ ಸಿಗಬೇಕಿದ್ದ ಎರಡು ಲಕ್ಷವೂ ಕೈಬಿಡುತ್ತದೆ.

ಗಾಡಿ ನಿಜವಾಗಿಯೇ ಸಿಕ್ಕ ಮನೆಗಳಿಗೆ ಬರುವ ಮಾತು ಇನ್ನೊಂದು. ಮಾಲೀಕನ ಕಡೆಯವರು ಒಂದಿಷ್ಟು ಹಣ ಹಿಡಿದು, ಕೇಸು ರಾಜಿ ಮಾಡಿಕೊಳ್ಳಿ ಎಂದು ಬರುತ್ತಾರೆ. ಸಾವಿನ ಈ ಕ್ರಿಮಿನಲ್ ಕೇಸು ಎರಡು ಕಡೆಯವರು ಕೂತು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿಲ್ಲ. ನ್ಯಾಯಮಂಡಳಿಯ ಪರಿಹಾರದ ಅರ್ಜಿಯನ್ನು ಮಾತ್ರ ಲೋಕ ಅದಾಲತ್‌ನಲ್ಲಿ ಒಪ್ಪಂದದಿಂದ ಮುಗಿಸಬಹುದು. ಅದಕ್ಕೂ ಮೊದಲು ಮೇಲಿನ ಲೆಕ್ಕ ಮಾಡಿ, ಬರಬೇಕಾದದ್ದು ಎಷ್ಟು ಎಂದು ತಿಳಿದಿರಬೇಕು. ಬಾಗಿಲಿಗೆ ಬಂದ ಎರಡು ಮೂರು ಲಕ್ಷಕ್ಕೆ ಮೂವತ್ತು ಲಕ್ಷದ ಹಕ್ಕನ್ನು ಬರೆದುಕೊಟ್ಟ ಮೇಲೆ ಹಿಂದೆ ಬರುವುದು ಕಷ್ಟ. 2019ರ ತಿದ್ದುಪಡಿ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವು ತಂದಿದೆ. ಗಡುವಿನ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನೆಯಾಗಿದೆ. ಅದನ್ನು ನಂಬಿ ತಡಮಾಡದೆ, ಆರು ತಿಂಗಳೊಳಗೆ ಅರ್ಜಿ ಹಾಕಿಬಿಡುವುದೇ ಕ್ಷೇಮ.

ಎರಡು ಲಕ್ಷದ ದಾರಿ

ನಮ್ಮ ಉದಾಹರಣೆಯಲ್ಲಿ ಗಾಡಿ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಕಪ್ಪು ತುಂಡಿನಿಂದ ಮಾದರಿ ತಿಳಿಯಿತು, ಆ ಮಾದರಿಯ ಗಾಡಿಗಳು ಸಾವಿರಾರು. ಟೋಲಿನ ದೃಶ್ಯದಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಪೊಲೀಸರು ‘ಸಿ ರಿಪೋರ್ಟ್’ ಹಾಕುತ್ತಾರೆ. ಅಪರಾಧ ನಡೆದದ್ದು ನಿಜ, ಆರೋಪಿ ಪತ್ತೆಯಾಗಲಿಲ್ಲ ಎಂದು ಅದರ ಅರ್ಥ. ಎಷ್ಟೋ ಮನೆಗಳಲ್ಲಿ ಕೇಸು ಇಲ್ಲಿಗೇ ಮುಗಿಯಿತೆಂದು ಕೈಚೆಲ್ಲುತ್ತಾರೆ. ವಾಸ್ತವದಲ್ಲಿ 2022ರ ಹಿಟ್ ಅಂಡ್ ರನ್ ಪರಿಹಾರ ಯೋಜನೆ ಇಂಥ ಮನೆಗಳಿಗಾಗಿಯೇ ಇರುವಂಥದ್ದು.

ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ, ವಕೀಲರೂ ಬೇಕಿಲ್ಲ. ಅಪಘಾತ ನಡೆದ ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದವರು, ಈ ಯೋಜನೆಗೆ ವಿಚಾರಣಾಧಿಕಾರಿ. ವಾಸದ ಊರು ಬೇರೆ ಜಿಲ್ಲೆಯಲ್ಲಿದ್ದರೂ ಅರ್ಜಿ ಹೋಗಬೇಕಾದದ್ದು ಅಪಘಾತವಾದ ಜಾಗದ ಕಚೇರಿಗೆ. ಯೋಜನೆಯ ಒಂದನೇ ನಮೂನೆಯಲ್ಲಿ ಅರ್ಜಿ ತುಂಬಿ, ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಸತ್ತವರ ಮತ್ತು ಅರ್ಜಿದಾರರ ಗುರುತಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಬೇಕು. ಗಾಯದ ಪ್ರಕರಣವಾದರೆ ಗಾಯದ ಪ್ರಮಾಣಪತ್ರ, ಚಿಕಿತ್ಸೆಯ ಕಾಗದಗಳು. ಮುಂದೆ ವಾಹನ ಪತ್ತೆಯಾಗಿ ಬೇರೆ ಪರಿಹಾರ ಬಂದರೆ ಈ ಹಣವನ್ನು ಹಿಂದಿರುಗಿಸುತ್ತೇನೆ ಎಂಬ ಮುಚ್ಚಳಿಕೆಯನ್ನೂ ಕೊಡಬೇಕು. ಹಾಗಾಗಿ ಎರಡು ಲಕ್ಷ ಪಡೆದರೆ ಮೂವತ್ತೆರಡು ಲಕ್ಷದ ದಾರಿ ಮುಚ್ಚಿಹೋದೀತೆಂಬ ಭಯ ಬೇಡ.

ವಿಚಾರಣಾಧಿಕಾರಿ ಒಂದು ತಿಂಗಳೊಳಗೆ ವರದಿಯನ್ನು ಜಿಲ್ಲಾಧಿಕಾರಿಗೆ ಕಳಿಸಬೇಕು. ಜಿಲ್ಲಾಧಿಕಾರಿ 15 ದಿನದೊಳಗೆ ಮಂಜೂರಾತಿ ಕೊಡಬೇಕು. ಅಲ್ಲಿಂದ ಮತ್ತೆ 15 ದಿನದೊಳಗೆ ಸಾಮಾನ್ಯ ವಿಮಾ ಮಂಡಳಿ ಹಣವನ್ನು ನೇರವಾಗಿ ಖಾತೆಗೆ ಹಾಕಬೇಕು. ಕಾಗದದ ಮೇಲೆ ಒಟ್ಟು ಎರಡು ತಿಂಗಳ ಕೆಲಸ.

ಆದರೂ ಈ ಹಣ ಎಷ್ಟು ಮನೆಗಳಿಗೆ ಮುಟ್ಟುತ್ತಿದೆ? 2022ರಲ್ಲಿ ದೇಶದಲ್ಲಿ ದಾಖಲಾದ ಹಿಟ್ ಅಂಡ್ ರನ್ ಅಪಘಾತಗಳು 67,387. ಅವುಗಳಲ್ಲಿ ಸತ್ತವರು 30,486 ಜನ. 2022–23ರ ಹಣಕಾಸು ವರ್ಷದಲ್ಲಿ ಈ ಯೋಜನೆಯಡಿ ಬಂದ ಅರ್ಜಿಗಳು 205. ಇತ್ಯರ್ಥವಾದದ್ದು 95. ಈ ಅಂಕಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಬಾಧಿತರಿಗೆ ಯೋಜನೆಯ ವಿಷಯವೇ ಗೊತ್ತಿಲ್ಲ, ಇಲ್ಲವೇ ಗೊತ್ತುಮಾಡಿಕೊಡುವವರಿಲ್ಲ ಎಂಬುದು ನ್ಯಾಯಾಲಯಕ್ಕೆ ಸ್ಪಷ್ಟವಾಯಿತು. 2024ರ ಜನವರಿ 12ರಂದು ಎಸ್. ರಾಜಶೇಖರನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಅಭಯ್ ಓಕಾ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಪೊಲೀಸರ ಮೇಲೆ ಒಂದು ಖಚಿತ ಹೊಣೆ ಹೊರಿಸಿತು. ಪ್ರಯತ್ನಪಟ್ಟರೂ ಒಂದು ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ, ಈ ಯೋಜನೆಯಡಿ ಪರಿಹಾರ ಕೇಳಬಹುದೆಂದು ಠಾಣಾಧಿಕಾರಿ ಗಾಯಾಳುವಿಗೆ ಇಲ್ಲವೇ ಸತ್ತವರ ವಾರಸುದಾರರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಯಾವ ಅಧಿಕಾರಿಗೆ ಅರ್ಜಿ ಕೊಡಬೇಕು, ಅವರ ಕಚೇರಿ ಎಲ್ಲಿದೆ, ದೂರವಾಣಿ ಏನು ಎಂಬುದೂ ಅದರಲ್ಲಿರಬೇಕು. ಅಪಘಾತದ ವರದಿಯನ್ನು ವಿಚಾರಣಾಧಿಕಾರಿಗೂ ಕಳಿಸಬೇಕು.

ಆ ಪತ್ರ ಶಿರಾ ಕಡೆಯ ಆ ಮನೆಗೆ ಬಂತೇ ಎಂಬುದೇ ಈಗ ಕೇಳಬೇಕಾದ ಪ್ರಶ್ನೆ. ಬಂದಿಲ್ಲವೆಂದರೆ, ಹೆಂಡತಿಯ ತಮ್ಮ ಎಫ್‌ಐಆರ್ ಪ್ರತಿ ಹಿಡಿದುಕೊಂಡು ಠಾಣೆಗೆ ಹೋಗಿ ಆ ಪತ್ರವನ್ನು ಹೆಸರಿಟ್ಟು ಕೇಳಬೇಕು. ಠಾಣೆಯಲ್ಲಿ ಸಿಗದಿದ್ದರೂ ಅರ್ಜಿಗೆ ಆ ಪತ್ರವೇ ಆಧಾರವಲ್ಲ. ಎಫ್‌ಐಆರ್, ಮರಣೋತ್ತರ ವರದಿ ಹಿಡಿದು ನೇರವಾಗಿ ತಾಲ್ಲೂಕು ಕಚೇರಿಗೆ ನಡೆಯಬಹುದು. ಎರಡು ಲಕ್ಷ ಒಂದು ಜೀವದ ಬೆಲೆ ಅಲ್ಲವೇ ಅಲ್ಲ. ಆ ಮನೆಯ ಮಕ್ಕಳಿಗೆ ಅದು ಕೆಲವು ವರ್ಷದ ಶಾಲೆಯ ಶುಲ್ಕ, ತಾಯಿಗೆ ಔಷಧಿ, ಸಾಲದವರ ಮುಂದೆ ಒಂದಿಷ್ಟು ತಲೆ ಎತ್ತುವ ಧೈರ್ಯ. ಎಫ್‌ಐಆರ್‌ನ ಆ ಸಾಲಿನಲ್ಲಿ ‘ಯಾವುದೋ’ ಎಂಬ ಪದ ಕೊನೆಯವರೆಗೂ ಹಾಗೆಯೇ ಉಳಿದುಬಿಟ್ಟರೂ, ಆ ಪದವನ್ನೇ ಆಧಾರವಾಗಿಟ್ಟುಕೊಂಡು ಕೇಳಬಹುದಾದ ಹಕ್ಕು ಇದು.